ರಾತ್ರಿಯ ವರದಿ, ಕಲ್ಲಿದ್ದಲಿನ ಲೆಕ್ಕ

ಕ್ಲೌಡ್ ಅಂದರೆ ಯಾವುದೋ ಊರಿನ ಡೇಟಾ ಸೆಂಟರಿನಲ್ಲಿ ಕರೆಂಟು ಉರಿಸುತ್ತ ಕೂತಿರುವ ಯಂತ್ರಗಳು. ಆ ಊರು ಯಾವುದು ಎಂಬುದನ್ನು ಬಾಡಿಗೆಗೆ ಪಡೆಯುವವರೇ ಆರಿಸಿಕೊಳ್ಳಬಹುದು. ಅಮೆಜಾನ್ ಪಟ್ಟಿಯಲ್ಲಿ ap-south-1 ಅಂದರೆ ಮುಂಬೈ, eu-north-1 ಅಂದರೆ ಸ್ಟಾಕ್‌ಹೋಮ್.

ಹಲವು ಮಳಿಗೆಗಳಿರುವ ಬೆಂಗಳೂರಿನ ಕಂಪನಿಯೊಂದು ಮಾರಾಟದ ವರದಿಯನ್ನು ಪ್ರತಿ ರಾತ್ರಿ ಮುಂಬೈನಲ್ಲಿ ಸಿದ್ಧಪಡಿಸುತ್ತದೆ ಎಂದುಕೊಳ್ಳೋಣ. ಕೆಲಸ ನಾಲ್ಕು ಗಂಟೆಯದು, ಆದರೆ ಅದಕ್ಕೆಂದು ಪಡೆದ ಇಡೀ ಸರ್ವರ್ ದಿನವಿಡೀ ಆನ್ ಆಗಿಯೇ ಇರುತ್ತದೆ. ದುಡಿಯುವಾಗ ಅದಕ್ಕೆ 400 ವ್ಯಾಟ್ ಬೇಕು, ಸುಮ್ಮನಿದ್ದಾಗ 200 ವ್ಯಾಟ್. ಸುಮ್ಮನಿರುವ ಸರ್ವರ್ ಕೂಡ ಅರ್ಧದಷ್ಟು ಕರೆಂಟು ತಿನ್ನುತ್ತದೆ ಎಂದು ಗೂಗಲ್‌ನ ಬರೋಸೊ ಮತ್ತು ಹೋಲ್ಜ್‌ಲೆ 2007ರಲ್ಲೇ ಬರೆದಿದ್ದರು. ಈಗಿನ ಯಂತ್ರಗಳು ಸುಧಾರಿಸಿದ್ದರೂ ಆ ಖರ್ಚು ಸೊನ್ನೆಗೆ ಇಳಿದಿಲ್ಲ.

ತಂಪುಗೊಳಿಸುವ ಖರ್ಚು ಬಿಟ್ಟರೂ ತಿಂಗಳಿಗೆ 168 ಯುನಿಟ್ ಆಯಿತು. ಅದರಲ್ಲಿ 120 ಯುನಿಟ್ ಯಾವ ಕೆಲಸಕ್ಕೂ ಬಾರದೆ ಹೋದದ್ದು! ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯುನಿಟ್‌ಗೆ ಸರಿಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಹಾಗಾಗಿ ಈ ವರದಿಯ ತಿಂಗಳ ಪಾಲು ಸುಮಾರು 118 ಕಿಲೋ.

ಮೊದಲು ಮಾಡಬೇಕಾದದ್ದು ಇಲ್ಲೇ ಇದೆ. ಕೆಲಸ ಮುಗಿದೊಡನೆ ಸರ್ವರನ್ನು ಬಿಟ್ಟುಕೊಡುವಂತೆ ವ್ಯವಸ್ಥೆ ಮಾಡಿದರೆ ನಮ್ಮ ಲೆಕ್ಕ 48 ಯುನಿಟ್‌ಗೆ, ಅಂದರೆ 34 ಕಿಲೋಗೆ ಇಳಿಯುತ್ತದೆ. ಬಿಟ್ಟ ಯಂತ್ರ ಇನ್ನೊಬ್ಬರ ಕೆಲಸಕ್ಕೆ ಒದಗುತ್ತದೆ, ಅವರಿಗಾಗಿ ಹೊಸದೊಂದನ್ನು ಹೂಡುವುದು ತಪ್ಪುತ್ತದೆ. ಕಂಪನಿಯ ಬಾಡಿಗೆಯೂ ಉಳಿಯುತ್ತದೆ.

ಇದೇ 48 ಯುನಿಟ್ ಸ್ಟಾಕ್‌ಹೋಮ್‌ನಲ್ಲಿ ಖರ್ಚಾದರೆ? ಸ್ವೀಡನ್ನಿನ ವಿದ್ಯುತ್ತು ಬಹುಪಾಲು ನೀರು, ಅಣು ಮತ್ತು ಗಾಳಿಯಿಂದ ಬರುವಂಥದ್ದು. ಯುನಿಟ್‌ಗೆ 30 ಗ್ರಾಂ ಎಂದು ಹಿಡಿದರೂ ಒಂದೂವರೆ ಕಿಲೋ ದಾಟುವುದಿಲ್ಲ. ಬೆಳಿಗ್ಗೆ ಓದುವ ವರದಿ ಎಲ್ಲಿ ತಯಾರಾದರೇನು? ಆದರೆ ಗ್ರಾಹಕರು ಬಟನ್ ಒತ್ತಿ ಕಾಯುವ ಆ್ಯಪ್‌ಗೆ ಅಷ್ಟು ದೂರ ಹೊಂದುವುದಿಲ್ಲ. ಹಣ ಪಾವತಿಯ ಮಾಹಿತಿಯನ್ನಂತೂ ಭಾರತದಲ್ಲೇ ಇಡಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಆದೇಶಿಸಿದೆ.

ಕ್ಲೌಡ್ ಕಂಪನಿಗಳ ಇಂಗಾಲ ವರದಿಯನ್ನು ಓದುವಾಗ ಎಚ್ಚರ ಬೇಕು. ವರ್ಷಕ್ಕೆ ಬಳಸಿದಷ್ಟೇ ಹಸಿರು ವಿದ್ಯುತ್ತನ್ನು ಬೇರೆಡೆಯಿಂದ ಖರೀದಿಸಿದ ಲೆಕ್ಕ ತೋರಿಸಿದರೆ ಮುಂಬೈನ ಸರ್ವರ್ ಕೂಡ ಕಾಗದದ ಮೇಲೆ ಸೊನ್ನೆ ಆಗಬಹುದು. ಆ ರಾತ್ರಿ ತಂತಿಯಲ್ಲಿ ಬಂದದ್ದು ಮಾತ್ರ ಹೆಚ್ಚಾಗಿ ಕಲ್ಲಿದ್ದಲಿನ ಕರೆಂಟು. ಹಾಗಾಗಿ ಸ್ಥಳೀಯ ಗ್ರಿಡ್ ಆಧರಿಸಿದ ಅಂಕಿಯನ್ನೇ ಕೇಳಬೇಕು.

ಇಲ್ಲೇ ಇರಬೇಕಾದ ಕೆಲಸಕ್ಕೂ ಒಂದು ದಾರಿ ಇದೆ. ಭಾರೀ ಕೆಲಸಗಳನ್ನು ರಾತ್ರಿಗೆ ಹಾಕುವುದು, ಹಗಲು ಯಂತ್ರಗಳಿಗೆ ಬಿಡುವಿಲ್ಲದಿದ್ದ ಕಾಲದ ರೂಢಿ. ಈಗ ಪಾವಗಡದಂಥ ಸೌರ ಪಾರ್ಕ್‌ಗಳು ದುಡಿಯುವ ಮಧ್ಯಾಹ್ನವೇ ನಮ್ಮ ಗ್ರಿಡ್ ಹೆಚ್ಚು ಹಸಿರಾಗಿರುವ ಹೊತ್ತು. ಬೆಳಗಿನ ವರದಿಗೆ ಈ ಬದಲಾವಣೆ ಆಗದು. ವಾರಕ್ಕೊಮ್ಮೆಯ ದಾಸ್ತಾನು ಅಂದಾಜು, ಹಳೆಯ ವಿಡಿಯೊಗಳ ಪರಿವರ್ತನೆ, ಬ್ಯಾಕಪ್‌ಗಳ ಪರಿಶೀಲನೆ ಇವನ್ನೆಲ್ಲ ಹನ್ನೊಂದು ಗಂಟೆಗೆ ಶುರುಮಾಡಲು ವೇಳಾಪಟ್ಟಿಯ ಒಂದು ಸಾಲು ತಿದ್ದಿದರೆ ಸಾಕು.