ಗಂಟಲಲ್ಲಿ ನಿಲ್ಲುವ ‘ಟ್’

ಅಮೆರಿಕದವರೊಡನೆ ಫೋನಿನಲ್ಲಿ ಕೆಲಸದ ಮಾತಾಡುವ ನಮ್ಮವರನ್ನು ಒಂದು ಅನುಮಾನ ಆಗಾಗ ಕಾಡುತ್ತದೆ. ಆತ ‘ಐ ಕ್ಯಾನ್ ಗೋ’ ಅಂದನೋ, ‘ಐ ಕ್ಯಾಂಟ್ ಗೋ’ ಅಂದನೋ? ಹೋಗಬಲ್ಲೆ, ಹೋಗಲಾರೆ ಎಂಬ ಎರಡು ಮಾತೂ ಕಿವಿಗೆ ಒಂದೇ ಥರ ಬೀಳುತ್ತವೆ. ನಾವು ಕಾಯುತ್ತಿರುವ ಆ ಕೊನೆಯ ‘ಟ್’ ಸಲೀಸಾದ ಮಾತಿನಲ್ಲಿ ಬಹಳ ಸಲ ಬರುವುದೇ ಇಲ್ಲ. ಅದರ ಬದಲು ಗಂಟಲಲ್ಲಿ ಉಸಿರು ಥಟ್ಟನೆ ನಿಲ್ಲುತ್ತದೆ.

ಧ್ವನಿವಿಜ್ಞಾನದಲ್ಲಿ ಇದಕ್ಕೆ ಗ್ಲಾಟಲ್ ಸ್ಟಾಪ್ ಎನ್ನುತ್ತಾರೆ. ಕೆಮ್ಮುವ ಮುಂಚೆ ಗಂಟಲು ಕ್ಷಣಹೊತ್ತು ಬಿಗಿಯುತ್ತದಲ್ಲ, ಅದೇ ಇದು. ಧ್ವನಿತಂತುಗಳು ಒಂದಕ್ಕೊಂದು ಅಂಟಿ ಗಾಳಿಯನ್ನು ತಡೆಯುತ್ತವೆ, ನಾಲಿಗೆಗೆ ಕೆಲಸವಿಲ್ಲ. ಇಂಗ್ಲಿಷಿನವರು ಪದದ ಕೊನೆಯ ‘ಟ್’ ಹೇಳುವಾಗ ನಾಲಿಗೆಯ ಜೊತೆಗೆ ಗಂಟಲನ್ನೂ ಬಿಗಿಯುವುದುಂಟು. ಸಲೀಸಾಗಿ ಮಾತಾಡುವಾಗ ನಾಲಿಗೆಯ ಪಾಲು ಬಿಟ್ಟುಹೋಗಿ ಗಂಟಲಿನದಷ್ಟೇ ಉಳಿಯುತ್ತದೆ.

ಇದನ್ನು ಸೋಮಾರಿತನ ಎನ್ನುವುದು ತಪ್ಪು, ಏಕೆಂದರೆ ಇದಕ್ಕೆ ಖಚಿತವಾದ ಕಟ್ಟಳೆಯಿದೆ. ಲಂಡನ್ನಿನ ಕಾಕ್ನಿ ಮಾತಿನಲ್ಲಿ ‘ಬಾಟಲ್’, ‘ವಾಟರ್’ ಎರಡರಲ್ಲೂ ‘ಟ’ ಗಂಟಲಿಗೆ ಇಳಿಯುತ್ತದೆ. ಅಮೆರಿಕದವರು ‘ಬಟನ್’ನಲ್ಲಿ ಹಾಗೆ ಮಾಡಿದರೂ ‘ವಾಟರ್’ನಲ್ಲಿ ಮಾಡುವುದಿಲ್ಲ, ಅಲ್ಲಿ ನಾಲಿಗೆ ಮೆಲ್ಲನೆ ತಾಗಿ ‘ವಾಡರ್’ನಂತೆ ಕೇಳಿಸುತ್ತದೆ. ಆದರೆ ‘ಅಟ್ಯಾಕ್’, ‘ಹೋಟೆಲ್’ ಪದಗಳ ‘ಟ’ವನ್ನು ಲಂಡನ್ನಿನಲ್ಲೂ ಅಮೆರಿಕದಲ್ಲೂ ಗಂಟಲಿಗೆ ಇಳಿಸುವುದಿಲ್ಲ. ಅವೆರಡರಲ್ಲೂ ಒತ್ತು ಬೀಳುವುದು ಆ ‘ಟ’ದಿಂದಲೇ ಶುರುವಾಗುವ ಭಾಗದ ಮೇಲೆ.

ಹಾಗಾದರೆ ಫೋನಿನಲ್ಲಿ ಗುರುತು ಹಿಡಿಯುವುದು ಹೇಗೆ? ‘ಟ್’ಗೆ ಕಾಯದೆ ಅದರ ಹಿಂದಿನ ಸ್ವರಕ್ಕೆ ಕಿವಿಗೊಡಬೇಕು. ಹೋಗಬಲ್ಲೆ ಎನ್ನುವಾಗ ಆ ಪದ ಒತ್ತಿಲ್ಲದೆ ‘ಕನ್‌’ನಂತೆ ತೇಲಿಹೋಗುತ್ತದೆ, ಒತ್ತು ‘ಗೋ’ ಮೇಲೆ. ಹೋಗಲಾರೆ ಎನ್ನುವಾಗ ‘ಕ್ಯಾ’ ಪೂರ್ತಿಯಾಗಿ ಕೇಳಿ, ಕೂಡಲೇ ಕತ್ತರಿಸಿದ ಹಾಗೆ ನಿಲ್ಲುತ್ತದೆ. ‘ಕ್ಯಾನ್’ಗೇ ಒತ್ತು ಕೊಟ್ಟು ಹೇಳಿದಾಗ ಮಾತ್ರ ಈ ಉಪಾಯವೂ ಕೈಕೊಡಬಹುದು, ಆಗ ಮತ್ತೊಮ್ಮೆ ಕೇಳಿಬಿಡುವುದೇ ಸರಿ.

ಇಂಗ್ಲಿಷಿನಲ್ಲಿ ಇದು ‘ಟ’ದ ವೇಷವಾದರೆ, ಹವಾಯಿಯನ್ ಭಾಷೆಯಲ್ಲಿ ತನ್ನದೇ ಹಕ್ಕಿನ ವ್ಯಂಜನ. ಅಲ್ಲಿ ‘ಕೋಉ’ ಎಂದು ಎಳೆದು ಹೇಳಿದರೆ ‘ನಿನ್ನ’, ನಡುವೆ ಗಂಟಲು ತಡೆದು ‘ಕೋ-ಉ’ ಎಂದರೆ ‘ನನ್ನ’. ಈ ತಡೆ ಹುಟ್ಟಿದ್ದೂ ಇನ್ನೊಂದು ವ್ಯಂಜನದಿಂದಲೇ. ನ್ಯೂಜಿಲೆಂಡಿನ ಮಾವೊರಿಯಲ್ಲಿ ಮೀನಿಗೆ ‘ಇಕ’. ಅದರ ಸೋದರ ಭಾಷೆ ಹವಾಯಿಯನ್ನಿನಲ್ಲಿ ಹಳೆಯ ‘ಕ’ ಗಂಟಲಿಗೆ ಇಳಿದು ‘ಇ-ಅ’ ಆಗಿದೆ. 19ನೇ ಶತಮಾನದಲ್ಲಿ ಆ ಭಾಷೆಗೆ ಲಿಪಿ ಹೊಂದಿಸಿದ ಮಿಷನರಿಗಳು ಈ ಧ್ವನಿಯನ್ನು ಬಹುಮಟ್ಟಿಗೆ ಬರೆಯದೆ ಬಿಟ್ಟರು. ಈಗ ಅದಕ್ಕೆ ‘ಓಕಿನಾ’ ಎಂಬ ಹೆಸರೂ, ತಲೆಕೆಳಗಾದ ಅಲ್ಪವಿರಾಮದಂಥ ರೂಪವೂ, ಹವಾಯಿಯ ಅಕ್ಷರಮಾಲೆಯಲ್ಲಿ ಒಂದು ಸ್ಥಾನವೂ ಇದೆ.