ಎರಡೂ ನಿಜ, ಆದರೆ ಅದರಿಂದಲೇ ಇದು ಅಲ್ಲ

ಕುಕ್ಕರಿನಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ. ಕುಕ್ಕರ್ ಮಾಡಲು ಬಳಸುವ ಅಲ್ಯೂಮಿನಿಯಂ ಒಳ್ಳೆಯ ಉಷ್ಣವಾಹಕ. ಈ ಎರಡು ಮಾತುಗಳಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದನ್ನು ‘ಪ್ರತಿಪಾದನೆ’ ಎಂದೂ ಎರಡನೆಯದನ್ನು ‘ಕಾರಣ’ ಎಂದೂ ಮುದ್ರಿಸಿ ಮುಂದಿಟ್ಟರೆ, ಓದಿಕೊಂಡ ಹುಡುಗರೇ ಎಡವುತ್ತಾರೆ. ಸಿಬಿಎಸ್‌ಇ ಹತ್ತನೇ ತರಗತಿಯ ವಿಜ್ಞಾನ ಪತ್ರಿಕೆಯಲ್ಲೂ ನೀಟ್ ಪರೀಕ್ಷೆಯಲ್ಲೂ ಬರುವ ಪ್ರಶ್ನೆಗಳು ಇಂಥವು.

ಉತ್ತರಗಳು ಸಾಮಾನ್ಯವಾಗಿ ನಾಲ್ಕು: ಎರಡೂ ಸರಿ, ಕಾರಣವು ಪ್ರತಿಪಾದನೆಯನ್ನು ವಿವರಿಸುತ್ತದೆ, ಎರಡೂ ಸರಿ, ಆದರೆ ವಿವರಿಸುವುದಿಲ್ಲ, ಪ್ರತಿಪಾದನೆ ಮಾತ್ರ ಸರಿ, ಕಾರಣ ಮಾತ್ರ ಸರಿ. ಎರಡೂ ತಪ್ಪು ಎಂಬ ಆಯ್ಕೆಯೂ ಕೆಲವೊಮ್ಮೆ ಇರುತ್ತದೆ. ಯಾವುದು ಎಷ್ಟನೆಯದು ಎಂದು ಬಾಯಿಪಾಠ ಮಾಡಿಕೊಂಡು ಹೋಗುವುದು ಅಪಾಯ, ಕ್ರಮ ಎಲ್ಲ ಕಡೆ ಒಂದೇ ಇರುವುದಿಲ್ಲ.

ಮೊದಲು ಒಂದು ವಾಕ್ಯವನ್ನು ಕೈಯಿಂದ ಮುಚ್ಚಿ, ಇನ್ನೊಂದನ್ನಷ್ಟೇ ಓದಿ ಸರಿಯೋ ತಪ್ಪೋ ನೋಡಬೇಕು. ಪಕ್ಕದ ವಾಕ್ಯದ ಜೊತೆ ಓದಿದರೆ ತಪ್ಪು ಮಾತೂ ಸರಿಯಾಗಿಯೇ ಕೇಳಿಸುತ್ತದೆ. ‘ಲೇಹ್‌ನಲ್ಲಿ ನೀರು ಬೆಂಗಳೂರಿಗಿಂತ ಹೆಚ್ಚಿನ ತಾಪದಲ್ಲಿ ಕುದಿಯುತ್ತದೆ, ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ’ ಎಂಬ ಜೋಡಿಯನ್ನು ನೋಡಿ. ಕಾರಣ ಅಪ್ಪಟ ನಿಜ, ಆ ಭರದಲ್ಲಿ ಪ್ರತಿಪಾದನೆಯೂ ನುಸುಳಿಬಿಡುತ್ತದೆ. ವಾಸ್ತವದಲ್ಲಿ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88ರ ಆಸುಪಾಸಿನಲ್ಲೇ ಕುದಿಯುತ್ತದೆ. ಒಂದು ವಾಕ್ಯ ತಪ್ಪು ಎಂದಾದ ಮೇಲೆ ಅವುಗಳ ಸಂಬಂಧ ಹುಡುಕುವ ಕೆಲಸವೇ ಇಲ್ಲ.

ನಿಜವಾದ ಪೇಚು ಎರಡೂ ಸರಿ ಇದ್ದಾಗಲೇ. ನಡುವೆ ‘ಏಕೆಂದರೆ’ ಸೇರಿಸಿ ಓದಿ ಎಂದು ಶಿಕ್ಷಕರು ಹೇಳಿಕೊಡುತ್ತಾರೆ. ಆದರೆ ಅಷ್ಟು ಸಾಲದು. ‘ಬೇಳೆ ಬೇಗ ಬೇಯುತ್ತದೆ, ಏಕೆಂದರೆ ಅಲ್ಯೂಮಿನಿಯಂ ಒಳ್ಳೆಯ ಉಷ್ಣವಾಹಕ’ ಎಂದರೆ ಕಿವಿಗೆ ಏನೂ ಕೊರತೆ ಕಾಣುವುದಿಲ್ಲ.

ಹಾಗಾಗಿ ಇನ್ನೆರಡು ಪ್ರಶ್ನೆ ಕೇಳಿ. ಆ ಕಾರಣವನ್ನು ತೆಗೆದುಹಾಕಿದರೆ ಏನಾಗುತ್ತದೆ? ಸ್ಟೀಲು ಅಲ್ಯೂಮಿನಿಯಂನಷ್ಟು ಚೆನ್ನಾಗಿ ಶಾಖ ಒಯ್ಯುವುದಿಲ್ಲ, ಆದರೂ ಸ್ಟೀಲ್ ಕುಕ್ಕರಿನಲ್ಲಿ ಬೇಳೆ ಬೇಗ ಬೇಯುತ್ತದೆ. ಕಾರಣವನ್ನು ಉಳಿಸಿಕೊಂಡು ಉಳಿದದ್ದನ್ನು ಬದಲಿಸಿದರೆ? ಮುಚ್ಚಳವಿಲ್ಲದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅದೇ ಬೇಳೆ ಬೇಯಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಲೋಹ ಒಳ್ಳೆಯದಾದರೆ ನೀರು ಬೇಗ ಕಾಯಬಹುದು, ಅಷ್ಟೇ. ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ತಾಪ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ಆವಿಯಾಗಿ ಹೋಗುತ್ತದೆ. ಹಾಗಾಗಿ ಉತ್ತರ: ಎರಡೂ ಸರಿ, ವಿವರಣೆ ಅಲ್ಲ.

ಕಾರಣದ ಜಾಗದಲ್ಲಿ ‘ಒತ್ತಡ ಹೆಚ್ಚಿದಾಗ ನೀರಿನ ಕುದಿಬಿಂದು ಏರುತ್ತದೆ’ ಎಂದಿಟ್ಟು ನೋಡಿ. ವೆಯ್ಟ್ ಕೂತ ಕುಕ್ಕರಿನ ಒಳಗೆ ಒತ್ತಡ ಹೊರಗಿನ ಗಾಳಿಯದಕ್ಕಿಂತ ಸುಮಾರು ಎರಡು ಪಟ್ಟಾಗಿ, ನೀರು 120 ಡಿಗ್ರಿಯ ಹತ್ತಿರ ಹೋಗುವವರೆಗೆ ಕುದಿಯುವುದಿಲ್ಲ. ಬೇಳೆ ಆ ಹೆಚ್ಚಿನ ತಾಪದಲ್ಲಿ ಬೇಯುತ್ತದೆ. ವೆಯ್ಟ್ ತೆಗೆದಿಡಿ, ಲೋಹ ಅದೇ, ಉರಿ ಅದೇ, ಬೇಗ ಬೇಯುವುದು ಮಾತ್ರ ನಿಂತಿತು. ಈ ಕಾರಣ ಎರಡು ಪ್ರಶ್ನೆಗೂ ನಿಲ್ಲುತ್ತದೆ. ‘ಏರುತ್ತದೆ’ ಇದ್ದಲ್ಲಿ ‘ಇಳಿಯುತ್ತದೆ’ ಎಂದು ಬದಲಿಸಿದರೆ ಕಾರಣವೇ ಸುಳ್ಳಾಗಿ, ಉತ್ತರ ಮೂರನೆಯದಕ್ಕೆ ಜಾರುತ್ತದೆ. ಅವಸರದಲ್ಲಿ ಓದುವವರು ತಪ್ಪುವುದು ಇಂಥ ಒಂದು ಪದದಲ್ಲಿ. ‘ಮಾತ್ರ’, ‘ಯಾವಾಗಲೂ’, ‘ಎಲ್ಲ’ ಎಂಬ ಪದಗಳ ಮೇಲೂ ಒಂದು ಕಣ್ಣಿರಲಿ.

ಜೀವಶಾಸ್ತ್ರಕ್ಕೆ ಬಂದರೆ ಲೆಕ್ಕ ಇಷ್ಟು ಸಲೀಸಲ್ಲ. ‘ಮನುಷ್ಯನ ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ, ಕೆಂಪು ರಕ್ತಕಣ ಆಮ್ಲಜನಕ ಸಾಗಿಸುತ್ತದೆ.’ ಎರಡೂ ನಿಜ. ಆದರೆ ಕೋಳಿಯ ಕೆಂಪು ರಕ್ತಕಣವೂ ಆಮ್ಲಜನಕ ಸಾಗಿಸುತ್ತದೆ, ಅದರಲ್ಲಿ ಕೋಶಕೇಂದ್ರ ಇದೆ. ಕಾರಣ ಇದ್ದೂ ಫಲ ಇಲ್ಲವಾದ್ದರಿಂದ ಇದು ವಿವರಣೆ ಅಲ್ಲ. ‘ಅಸ್ಥಿಮಜ್ಜೆಯಲ್ಲಿ ಬಲಿಯುವಾಗ ಆ ಕಣ ತನ್ನ ಕೋಶಕೇಂದ್ರವನ್ನು ಹೊರಹಾಕುತ್ತದೆ’ ಎಂದಿದ್ದರೆ, ಅದು ಹೇಗೆ ಇಲ್ಲವಾಯಿತು ಎಂಬುದಕ್ಕೆ ನೇರ ಉತ್ತರ. ‘ಹಿಮೋಗ್ಲೋಬಿನ್‌ಗೆ ಹೆಚ್ಚು ಜಾಗ ಸಿಗುತ್ತದೆ’ ಎಂದು ಬರೆದರೋ, ಅದು ಹೇಗೆ ಎಂಬುದಕ್ಕಲ್ಲ, ಅದರಿಂದ ಏನು ಪ್ರಯೋಜನ ಎಂಬುದಕ್ಕೆ ಉತ್ತರ. ಪಠ್ಯಗಳಲ್ಲಿ ಪ್ರಯೋಜನವನ್ನೇ ಕಾರಣವಾಗಿ ಹೇಳುವ ರೂಢಿ ಇರುವುದರಿಂದ ಪರೀಕ್ಷೆಯಲ್ಲಿ ಇದನ್ನೂ ಸರಿಯಾದ ವಿವರಣೆ ಎಂದೇ ಎಣಿಸುವುದುಂಟು. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವ ನೀಟ್‌ನಲ್ಲಿ ಕೂತವರು ಪಠ್ಯಪುಸ್ತಕದ ಸಾಲನ್ನೇ ನೆನೆದು ಗುರುತು ಹಾಕುವುದು ಕ್ಷೇಮ.