ಏಳು ಎಂಟಾಗುವ ಗಳಿಗೆಯಲ್ಲಿ ಹದಿನೈದು

ಚಿಪ್ಪಿನ ಒಂದು ಭಾಗ ಒಂದೇ ಒಂದು ತುಣುಕು ಮಾಹಿತಿಯನ್ನು ಬರೆದಿಟ್ಟಿತು. ಅದನ್ನು ಎತ್ತಿಕೊಳ್ಳಲು ಬಂದ ಇನ್ನೊಂದು ಭಾಗ 17 ತುಣುಕು ಓದಿಕೊಂಡು ಹೋಯಿತು. ಆ ಹದಿನೇಳರಲ್ಲಿ ಹೊಸದು ಒಂದೇ. ಉಳಿದ ಹದಿನಾರೂ ಆಗಲೇ ಓದಿ ಮುಗಿಸಿದ್ದವು. ಇಷ್ಟೆಲ್ಲ ಆದ ಮೇಲೆ ಎರಡೂ ಕಡೆಯ ಲೆಕ್ಕ ತಾನಾಗಿಯೇ ಸರಿಹೋಗಿ, ಏನೂ ನಡೆದೇ ಇಲ್ಲವೆಂಬಂತೆ ಕೆಲಸ ಮುಂದುವರಿಯಿತು. ಯಾವ ತಂತಿಯೂ ಕಡಿದಿರಲಿಲ್ಲ, ಯಾವ ಟ್ರಾನ್ಸಿಸ್ಟರೂ ಕೆಟ್ಟಿರಲಿಲ್ಲ. ತಪ್ಪಿದ್ದದ್ದು ನಾಲ್ಕು ಬಿಟ್‌ಗಳನ್ನು ಬಿಡಿಬಿಡಿಯಾಗಿ ಗಡಿ ದಾಟಿಸಿದ ರೀತಿಯಲ್ಲಿ.

ಗಡಿ ಎಂದರೆ ಎರಡು ಕ್ಲಾಕ್‌ಗಳ ನಡುವಿನ ಗಡಿ. ಇಂದಿನ ಚಿಪ್ಪಿನಲ್ಲಿ ಕ್ಯಾಮೆರಾದ ಭಾಗಕ್ಕೆ ಒಂದು ಕ್ಲಾಕ್, ಮೆಮೊರಿಗೆ ಇನ್ನೊಂದು, ಯುಎಸ್‌ಬಿಗೆ ಮತ್ತೊಂದು ಇರುವುದು ಸಾಮಾನ್ಯ. ಒಂದರ ಮಿಡಿತಕ್ಕೂ ಇನ್ನೊಂದರ ಮಿಡಿತಕ್ಕೂ ಸಂಬಂಧವಿಲ್ಲ. ಒಂದೊಂದು ಬಿಟ್ಟನ್ನೂ ಹಿಡಿದಿಟ್ಟುಕೊಳ್ಳುವ ಫ್ಲಿಪ್-ಫ್ಲಾಪ್ ಎಂಬ ಸರ್ಕ್ಯೂಟ್ ತನ್ನ ಕ್ಲಾಕ್ ಮಿಡಿದಾಗ ಮಾತ್ರ ಎದುರಿನ ತಂತಿಯನ್ನು ನೋಡಿ ಸೊನ್ನೆಯೋ ಒಂದೋ ತೀರ್ಮಾನಿಸುತ್ತದೆ. ತೀರ್ಮಾನ ಸರಿಯಾಗಿರಬೇಕಾದರೆ ಮಿಡಿತದ ಸ್ವಲ್ಪ ಮೊದಲು ಮತ್ತು ಸ್ವಲ್ಪ ನಂತರ ತಂತಿ ಅಲುಗಾಡದೆ ಇರಬೇಕು. ಸಂಬಂಧವಿಲ್ಲದ ಕ್ಲಾಕಿನ ಕಡೆಯಿಂದ ಬರುವ ತಂತಿ ಈ ಶಿಸ್ತನ್ನು ಪಾಲಿಸುವುದಿಲ್ಲ. ಸರಿಯಾಗಿ ಮಿಡಿತದ ಹೊತ್ತಿಗೇ ಅದು ಬದಲಾದರೆ ಫ್ಲಿಪ್-ಫ್ಲಾಪ್ ಸೊನ್ನೆಯೂ ಅಲ್ಲದ ಒಂದೂ ಅಲ್ಲದ ಸ್ಥಿತಿಯಲ್ಲಿ ಕೆಲಕಾಲ ತೂಗಾಡುತ್ತದೆ. ಇದಕ್ಕೆ ಮೆಟಾಸ್ಟೆಬಿಲಿಟಿ ಎಂದು ಹೆಸರು. 1973ರಲ್ಲಿ ಥಾಮಸ್ ಚೇನಿ ಮತ್ತು ಚಾರ್ಲ್ಸ್ ಮೋಲ್ನಾರ್ ಇದನ್ನು ಪ್ರಯೋಗದಿಂದ ತೋರಿಸಿ ಲೇಖನ ಬರೆದರು.

ಪರಿಹಾರ ಸರಳ. ಎರಡು ಫ್ಲಿಪ್-ಫ್ಲಾಪ್‌ಗಳನ್ನು ಒಂದರ ಹಿಂದೊಂದು ಇಡುತ್ತಾರೆ. ಮೊದಲನೆಯದು ತೂಗಾಡಿದರೂ ಮುಂದಿನ ಮಿಡಿತದವರೆಗೆ ಅದಕ್ಕೆ ಸಮಯ ಸಿಗುತ್ತದೆ. ಅಷ್ಟರಲ್ಲಿ ಅದು ಯಾವುದಾದರೊಂದು ಕಡೆಗೆ ವಾಲಿ ನಿಲ್ಲುವ ಸಂಭವ ತೀರಾ ಹೆಚ್ಚು. ಈ ಜೋಡಿಗೆ ಸಿಂಕ್ರೊನೈಸರ್ ಎನ್ನುತ್ತಾರೆ. ಆದರೆ ಇದು ಏನನ್ನು ಖಾತ್ರಿಪಡಿಸುತ್ತದೆ, ಏನನ್ನು ಇಲ್ಲ ಎಂಬುದನ್ನು ಸರಿಯಾಗಿ ಗಮನಿಸಬೇಕು. ಹೊರಬರುವ ಬಿಟ್ ಗಟ್ಟಿಯಾಗಿ ನಿಂತಿರುತ್ತದೆ, ಅಷ್ಟೇ. ಅದು ಹೊಸ ಬೆಲೆಯೇ ಎಂಬ ಖಾತ್ರಿಯಿಲ್ಲ; ಹಳೆಯದೇ ಸಿಕ್ಕು ಹೊಸದು ಒಂದು ಮಿಡಿತ ತಡವಾಗಿ ಬರಬಹುದು. ಒಂದೇ ಬಿಟ್ ಆದರೆ ಇದರಿಂದ ತೊಂದರೆಯಿಲ್ಲ. ‘ಕೆಲಸ ಮುಗಿಯಿತು’ ಎಂಬ ಸೂಚನೆ ಈಗ ತಲುಪಿದರೂ ಸರಿ, ಒಂದು ಮಿಡಿತ ಬಿಟ್ಟು ತಲುಪಿದರೂ ಸರಿ.

ಒಂದು ಬಿಟ್‌ಗೆ ಒಂದು ಸಿಂಕ್ರೊನೈಸರ್ ಸಾಕಾದರೆ ನಾಲ್ಕು ಬಿಟ್‌ಗೆ ನಾಲ್ಕು ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇಲ್ಲಿಯೇ ಎಡವುವುದು. ನಾಲ್ಕೂ ಬಿಟ್‌ಗಳು ಸೇರಿ ಒಂದು ಸಂಖ್ಯೆ. ಬದಲಾಗುವ ಹೊತ್ತಿನಲ್ಲಿ ಒಂದು ಬಿಟ್ ಹೊಸದನ್ನೂ ಪಕ್ಕದ್ದು ಹಳೆಯದನ್ನೂ ತೋರಿಸಿದರೆ, ಬರೆದವನು ಎಂದೂ ಕಳಿಸದ ಮೂರನೆಯ ಸಂಖ್ಯೆಯೊಂದು ಆಚೆ ಹುಟ್ಟುತ್ತದೆ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರು 0999ರಿಂದ 1000ಕ್ಕೆ ಉರುಳುವ ಹೊತ್ತಿನಲ್ಲಿ ಕಣ್ಣು ಹಾಯಿಸಿದರೆ 1999 ಕಂಡೀತು. ಆ ಸ್ಕೂಟರು ಅಷ್ಟು ದೂರ ಓಡಿಯೇ ಇರುವುದಿಲ್ಲ.

ಮೊದಲು ಹೇಳಿದ 17 ತುಣುಕಿನ ಲೆಕ್ಕವನ್ನು ಬಿಡಿಸಿ ನೋಡೋಣ. ಎರಡು ಕ್ಲಾಕ್‌ಗಳ ನಡುವೆ ಮಾಹಿತಿ ಸಾಗಿಸಲು ಫೈಫೋ ಎಂಬ ವ್ಯವಸ್ಥೆ ಬಳಸುತ್ತಾರೆ. ನಮ್ಮದರಲ್ಲಿ 0ರಿಂದ 7ರವರೆಗೆ ಎಂಟು ಖಾನೆಗಳಿವೆ. ಬರೆಯುವ ಕಡೆ ಒಂದು ಎಣಿಕೆ ಇಟ್ಟುಕೊಂಡು ಪ್ರತಿ ತುಣುಕಿಗೂ ಅದನ್ನು ಒಂದೊಂದು ಹೆಚ್ಚಿಸುತ್ತದೆ; ಓದುವ ಕಡೆಯೂ ಹಾಗೆಯೇ. ಎರಡೂ ನಾಲ್ಕು ಬಿಟ್‌ನವು, 15 ಆದ ಮೇಲೆ ಮತ್ತೆ 0. ಬರೆಯುವವನ ಎಣಿಕೆಯಿಂದ ಓದುವವನ ಎಣಿಕೆ ಕಳೆದರೆ ಓದಲು ಬಾಕಿ ಇರುವ ತುಣುಕುಗಳು ಎಷ್ಟೆಂದು ತಿಳಿಯುತ್ತದೆ. ನಮ್ಮ ಓದುಗ ಭಾಗ ಈ ಬಾಕಿಯನ್ನು ಒಮ್ಮೆ ನೋಡಿಕೊಂಡು, ಅಷ್ಟನ್ನೂ ಒಂದೇ ಓಟದಲ್ಲಿ ಓದಿಬಿಡುತ್ತದೆ.

ಈಗ ಎರಡೂ ಎಣಿಕೆ 7. ಫೈಫೋ ಖಾಲಿ. ಬರೆಯುವವನು ಏಳನೇ ಖಾನೆಯಲ್ಲಿ ಒಂದು ತುಣುಕು ಇಟ್ಟು ತನ್ನ ಎಣಿಕೆಯನ್ನು 8 ಮಾಡುತ್ತಾನೆ. ಬಿಟ್‌ಗಳಲ್ಲಿ ಇದು 0111ರಿಂದ 1000ಕ್ಕೆ ಹೋಗುವುದು, ಅಂದರೆ ನಾಲ್ಕೂ ಒಟ್ಟಿಗೆ ತಿರುಗುವುದು. ಎಡತುದಿಯ ಬಿಟ್‌ನ ತಂತಿ ಚಿಪ್ಪಿನಲ್ಲಿ ಹತ್ತಿರದ ದಾರಿ ಹಿಡಿದಿದೆ, ಉಳಿದ ಮೂರು ಸುತ್ತಿ ಬರುತ್ತವೆ ಎಂದಿಟ್ಟುಕೊಳ್ಳಿ. ಮೊದಲನೆಯದು ಅರ್ಧ ನ್ಯಾನೊಸೆಕೆಂಡ್ ಮುಂಚೆ ತಲುಪಿದರೆ ಆ ಅರ್ಧ ನ್ಯಾನೊಸೆಕೆಂಡ್ ಕಾಲ ಗಡಿಯಾಚೆಯ ತಂತಿಗಳಲ್ಲಿ ಇರುವುದು 1111. ಓದುವವನ ಕ್ಲಾಕ್ ಆ ಹೊತ್ತಿನಲ್ಲೇ ಮಿಡಿದರೆ ಅವನಿಗೆ ಸಿಗುವ ಎಣಿಕೆ 15. ಇಲ್ಲಿ ಯಾವ ಫ್ಲಿಪ್-ಫ್ಲಾಪೂ ತೂಗಾಡಬೇಕಾಗಿಲ್ಲ. ನಾಲ್ಕೂ ಸಿಂಕ್ರೊನೈಸರ್‌ಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿವೆ. ತೂಗಾಟವೂ ಸೇರಿಕೊಂಡರೆ ಒಂದೊಂದು ಬಿಟ್ ಒಂದೊಂದು ಕಡೆಗೆ ವಾಲಿ, 0ರಿಂದ 15ರವರೆಗೆ ಯಾವ ಸಂಖ್ಯೆ ಬೇಕಾದರೂ ಕಾಣಬಹುದು.

15ರಲ್ಲಿ 7 ಕಳೆದರೆ 8. ಫೈಫೋ ತುಂಬಿದೆ ಎಂದುಕೊಂಡ ಓದುಗ ಎಂಟು ತುಣುಕು ಓದುತ್ತಾನೆ: ಏಳನೇ ಖಾನೆಯ ಹೊಸ ತುಣುಕು, ಆಮೇಲೆ 0ರಿಂದ 6ರವರೆಗಿನ ಹಳೆಯವು. ಅವನ ಎಣಿಕೆ ಈಗ 15. ಅಷ್ಟರಲ್ಲಿ ತಂತಿಗಳು ನೆಲೆಗೊಂಡು ಬರೆಯುವವನ ನಿಜವಾದ ಎಣಿಕೆ 8 ಕಾಣುತ್ತಿದೆ. ಆದರೆ ತಪ್ಪು ಇಲ್ಲಿಗೆ ನಿಲ್ಲುವುದಿಲ್ಲ. ನಾಲ್ಕು ಬಿಟ್‌ಗಳ ಲೆಕ್ಕದಲ್ಲಿ 8ರಿಂದ 15 ಕಳೆದರೆ 9. ಎಂಟು ಖಾನೆಯ ಫೈಫೋದಲ್ಲಿ ಒಂಬತ್ತು ತುಣುಕು! ಓದುಗ ಅದನ್ನೂ ನಂಬಿ ಒಂಬತ್ತನ್ನೂ ಓದುತ್ತಾನೆ. ಈ ನಡುವೆ ಬರೆಯುವವನು ಸುಮ್ಮನಿದ್ದನೆಂದರೆ, 15ರಿಂದ ಒಂಬತ್ತು ಹೆಜ್ಜೆ ಮುಂದೆ ಹೋದ ಓದುಗನ ಎಣಿಕೆ ಸುತ್ತಿ ಬಂದು 8ಕ್ಕೆ ನಿಲ್ಲುತ್ತದೆ. ಎರಡೂ ಕಡೆ 8, ಫೈಫೋ ಖಾಲಿ, ಲೆಕ್ಕ ಚೊಕ್ಕ. ಕಳ್ಳತನದ ಗುರುತು ಅಳಿಸಿಹೋಗಿದೆ.

ಬಾಕಿ ಎಷ್ಟೆಂದು ಕೇಳದೆ ‘ಖಾಲಿಯೋ ಅಲ್ಲವೋ’ ಎಂದಷ್ಟೇ ನೋಡಿ ಒಂದೊಂದಾಗಿ ಓದುವ ವಿನ್ಯಾಸ ಎಷ್ಟೋ ಸಲ ಇದರಿಂದ ಪಾರಾಗುತ್ತದೆ. ಮುಂದಿನ ಮಿಡಿತಕ್ಕೆ ಎಣಿಕೆ ಸರಿಯಾಗಿ ಕಾಣುವುದರಿಂದ ಅಷ್ಟರೊಳಗೆ ಹೆಚ್ಚು ಹಾನಿಯಾಗುವುದಿಲ್ಲ. ಹೀಗೆ ಪಾರಾದದ್ದನ್ನೇ ನಂಬಿ ಅದೇ ಸರ್ಕ್ಯೂಟನ್ನು ಬೇರೆ ಕಡೆ ಬಳಸಿದಾಗ ಪೆಟ್ಟು ಬೀಳುತ್ತದೆ.

ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳದಿರುವುದಕ್ಕೆ ಕಾರಣವಿದೆ. ಸಾಮಾನ್ಯ ಸಿಮ್ಯುಲೇಶನ್‌ನಲ್ಲಿ ತಂತಿಗೆ ಉದ್ದವಿಲ್ಲ. ನಾಲ್ಕೂ ಬಿಟ್ ಒಂದೇ ಕ್ಷಣದಲ್ಲಿ ಬದಲಾಗುತ್ತವೆ. ಹಾಗಾಗಿ ಓದುಗನಿಗೆ ಕಾಣುವುದು 7 ಇಲ್ಲವೇ 8, ಎಂದಿಗೂ 15 ಅಲ್ಲ. ವೇಗದ ಲೆಕ್ಕ ಹಾಕುವ ಸಾಫ್ಟ್‌ವೇರಿಗೆ ‘ಈ ಎರಡು ಕ್ಲಾಕ್‌ಗಳ ನಡುವಿನ ದಾರಿಯನ್ನು ನೋಡಬೇಡ’ ಎಂದು ಹೇಳಿಟ್ಟಿರುತ್ತಾರೆ, ಅದೂ ಮೌನವಾಗಿರುತ್ತದೆ. ಪ್ರಯೋಗಾಲಯದ ಬೋರ್ಡಿನಲ್ಲಿ ಎರಡೂ ಕ್ಲಾಕ್‌ಗಳನ್ನು ಒಂದೇ ಸ್ಫಟಿಕದಿಂದ ಪಡೆದಿದ್ದರೆ ಮಿಡಿತಗಳ ನಡುವಿನ ಅಂತರ ಸ್ಥಿರವಾಗಿದ್ದು ಆ ಅರ್ಧ ನ್ಯಾನೊಸೆಕೆಂಡಿನ ಕಿಂಡಿಗೆ ಮಿಡಿತ ಬೀಳದೇ ಹೋಗಬಹುದು. ಮಾರಾಟಕ್ಕೆ ಹೋದ ಯಂತ್ರದಲ್ಲಿ ಎರಡು ಬೇರೆ ಸ್ಫಟಿಕಗಳಿದ್ದರೆ ಕಥೆಯೇ ಬೇರೆ. ಎರಡರ ಮೇಲೂ 100 ಮೆಗಾಹರ್ಟ್ಸ್ ಎಂದೇ ಬರೆದಿದ್ದರೂ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿರುವುದು ಅಸಹಜವಲ್ಲ. ಅಷ್ಟು ಸಾಕು: ಒಂದರ ಮಿಡಿತ ಇನ್ನೊಂದನ್ನು ಸೆಕೆಂಡಿಗೆ 5,000 ಸಲ ಹಾದುಹೋಗುತ್ತದೆ, ಪ್ರತಿ ಸಲವೂ ಆ ಕಿಂಡಿಯ ಮೂಲಕವೇ.

ಸಿಂಕ್ರೊನೈಸರ್‌ಗೆ ಮೂರನೆಯ ಫ್ಲಿಪ್-ಫ್ಲಾಪ್ ಸೇರಿಸುವುದು ಇದಕ್ಕೆ ಮದ್ದಲ್ಲ. ತೂಗಾಟದ ಅಪಾಯ ಅದರಿಂದ ಇನ್ನೂ ತಗ್ಗುತ್ತದೆ, ನಿಜ. ಆದರೆ ಸೇರಿಕೊಂಡ 15 ಮೂರನೆಯದನ್ನೂ ದಾಟಿ ಗಟ್ಟಿಯಾದ 15 ಆಗಿಯೇ ಹೊರಬರುತ್ತದೆ.

ಮದ್ದು ಇರುವುದು ಎಣಿಸುವ ರೀತಿಯಲ್ಲಿ. ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ 1947ರಲ್ಲಿ ಅರ್ಜಿ ಹಾಕಿ 1953ರಲ್ಲಿ ಪಡೆದ ಪೇಟೆಂಟಿನಲ್ಲಿ ಒಂದು ಸಂಕೇತಕ್ರಮವಿದೆ. ಧ್ವನಿಯನ್ನು ಅಂಕಿಗಳಾಗಿಸುವ ಕೊಳವೆಯಲ್ಲಿ ಎಲೆಕ್ಟ್ರಾನ್ ಕಿರಣ ಎರಡು ಸಂಖ್ಯೆಗಳ ಗಡಿಯ ಮೇಲೆ ಬಿದ್ದಾಗ ಆಗುವ ತಪ್ಪನ್ನು ತಡೆಯಲು ಅವರು ಅದನ್ನು ಬಳಸಿದರು. ಆ ಕ್ರಮದಲ್ಲಿ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ ಒಂದೇ ಬಿಟ್ ಬದಲಾಗುತ್ತದೆ. 7 ಎಂದರೆ 0100, 8 ಎಂದರೆ 1100. 15 ಎಂದರೆ 1000, ಅಲ್ಲಿಂದ 0ಕ್ಕೆ ಹೋಗುವಾಗಲೂ ತಿರುಗುವುದು ಒಂದೇ ಬಿಟ್. ಬರೆಯುವವನು ತನ್ನ ಎಣಿಕೆಯನ್ನು ಹೀಗೆ ಬದಲಿಸಿ, ಒಂದು ಫ್ಲಿಪ್-ಫ್ಲಾಪ್ ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಗಡಿ ದಾಟಿಸುತ್ತಾನೆ:

```
always @(posedge wclk)
  wgray <= bin_next ^ (bin_next >> 1);
```

ಈಗ ಬದಲಾವಣೆಯ ಹೊತ್ತಿನಲ್ಲೇ ಮಿಡಿತ ಬಿದ್ದರೂ ಓದುಗನಿಗೆ ಕಾಣುವುದು 7 ಇಲ್ಲವೇ 8. ಹಳೆಯದೇ ಕಂಡರೆ, ಇರುವುದಕ್ಕಿಂತ ಒಂದು ಕಡಿಮೆ ಎಂದುಕೊಂಡು ಒಂದು ಮಿಡಿತ ಕಾಯುತ್ತಾನೆ, ಅಷ್ಟೇ. ನಡುವಿನ ಫ್ಲಿಪ್-ಫ್ಲಾಪ್ ಸಾಲನ್ನು ಬಿಡುವಂತಿಲ್ಲ. ಲೆಕ್ಕ ಹಾಕುವ ಗೇಟುಗಳು ನೆಲೆಗೊಳ್ಳುವ ಮುನ್ನ ಕ್ಷಣಕಾಲ ಹಲವು ಬಿಟ್‌ಗಳನ್ನು ಅಲುಗಾಡಿಸುತ್ತವೆ. ಅವನ್ನೇ ನೇರವಾಗಿ ಗಡಿಯಾಚೆ ಬಿಟ್ಟರೆ ಹಳೆಯ ತೊಂದರೆ ಮರುಕಳಿಸುತ್ತದೆ. ತಂತಿಗಳ ನಡುವಿನ ತಡದ ವ್ಯತ್ಯಾಸವೂ ಬರೆಯುವ ಕ್ಲಾಕಿನ ಒಂದು ಮಿಡಿತಕ್ಕಿಂತ ಕಡಿಮೆ ಇರಬೇಕು, ಇಲ್ಲವಾದರೆ ಹಿಂದಿನ ಬದಲಾವಣೆ ತಲುಪುವ ಮುನ್ನವೇ ಮುಂದಿನದು ತಲುಪೀತು. ಇನ್ನು ಹತ್ತು ಖಾನೆ ಸಾಕೆಂದು ಎಣಿಕೆಯನ್ನು 9ರಿಂದ 0ಕ್ಕೆ ತಿರುಗಿಸಿದರೆ 1101ರಿಂದ 0000ಕ್ಕೆ, ಅಂದರೆ ಮೂರು ಬಿಟ್‌ಗಳ ಜಿಗಿತ. ಹಾಗಾಗಿಯೇ ಇಂಥ ಫೈಫೋಗಳು ಸಾಮಾನ್ಯವಾಗಿ 8, 16, 32 ಖಾನೆಗಳಲ್ಲಿ ಬರುತ್ತವೆ.

ಗ್ರೇ ಕೋಡ್ ಒಂದೊಂದೇ ಹೆಜ್ಜೆ ಇಡುವ ಎಣಿಕೆಗೆ ಮಾತ್ರ. ಸೆನ್ಸರಿನಿಂದ ಬರುವ ತಾಪಮಾನ 40ರಿಂದ 57ಕ್ಕೆ ಹಾರಬಹುದು, ಅಲ್ಲಿ ಇದು ನಡೆಯದು. ಅಂಥ ಕಡೆ ಬಸ್ಸಿನ ಬಿಟ್‌ಗಳಿಗೆ ಸಿಂಕ್ರೊನೈಸರ್ ಹಾಕುವುದೇ ಇಲ್ಲ. ಮಾಹಿತಿಯನ್ನು ಅಲುಗಿಸದೆ ನಿಲ್ಲಿಸಿ, ‘ಸಿದ್ಧ’ ಎಂಬ ಒಂದೇ ಬಿಟ್ಟನ್ನು ಸಿಂಕ್ರೊನೈಸರ್ ಮೂಲಕ ಕಳಿಸುತ್ತಾರೆ. ಅದು ತಲುಪುವ ಹೊತ್ತಿಗೆ ತಂತಿಗಳೆಲ್ಲ ನೆಲೆಗೊಂಡಿರುತ್ತವೆ, ಓದುಗ ಅವನ್ನು ನೇರವಾಗಿ ಹಿಡಿದುಕೊಂಡು ‘ಸಿಕ್ಕಿತು’ ಎಂದು ಇನ್ನೊಂದು ಬಿಟ್ ಹಿಂದಕ್ಕೆ ಕಳಿಸುತ್ತಾನೆ. ಪ್ರತಿ ಸಲವೂ ಎರಡೂ ಕಡೆ ಕೆಲವು ಮಿಡಿತಗಳು ಇದಕ್ಕೆ ಖರ್ಚಾಗುತ್ತವೆ.

ಚಿಪ್ ವಿನ್ಯಾಸ ಕಲಿಯುತ್ತಿರುವವರು ತಮ್ಮ ಫೈಫೋದಲ್ಲಿ ಒಂದು ಕಾವಲು ಇಡಬೇಕು: ಬಾಕಿಯ ಲೆಕ್ಕ ಖಾನೆಗಳ ಸಂಖ್ಯೆಯನ್ನು ಮೀರಿದ ತಕ್ಷಣ ಕೂಗುವ ಒಂದು ಸಾಲು. ಜೊತೆಗೆ ಸಿಮ್ಯುಲೇಶನ್‌ನಲ್ಲಿ ಪ್ರತಿ ಸಿಂಕ್ರೊನೈಸರ್‌ನ ಬಿಟ್ಟನ್ನೂ ಆಗೊಮ್ಮೆ ಈಗೊಮ್ಮೆ, ಒಂದಕ್ಕೊಂದು ಸಂಬಂಧವಿಲ್ಲದಂತೆ, ಒಂದು ಮಿಡಿತ ತಡಮಾಡಿ ನೋಡಿ. ಬಿಡಿಬಿಡಿಯಾಗಿ ದಾಟುವ ಎಣಿಕೆ ಇದ್ದರೆ ಆ 9 ಅಲ್ಲಿಯೇ, ಚಿಪ್ ತಯಾರಾಗುವ ಮೊದಲೇ ಕಾಣಿಸಿಕೊಳ್ಳುತ್ತದೆ.